ಮೊದಲು ಮನೆತನ, ಬಳಿಕ ಹೆಸರು: ಚೀನಾ, ಕೊರಿಯಾ, ಜಪಾನ್ ಹೆಸರುಗಳನ್ನು ಕನ್ನಡದಲ್ಲಿ ಬರೆಯುವ ಬಗೆ

2017ರ ಆರಂಭದಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷ ಪದವಿಗೆ ಕೇಳಿಬರುತ್ತಿದ್ದ ಹೆಸರುಗಳಲ್ಲಿ ಎರಡು ಪ್ರಮುಖವಾಗಿದ್ದವು. ಒಂದು, ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿ ಸ್ಥಾನದಿಂದ ಆಗಷ್ಟೇ ನಿವೃತ್ತರಾಗಿದ್ದ ಬಾನ್ ಕಿ-ಮೂನ್. ಮತ್ತೊಂದು, ವಿರೋಧ ಪಕ್ಷದ ನಾಯಕ ಮೂನ್ ಜೇ-ಇನ್. ಫೆಬ್ರವರಿ 1ರಂದು ಬಾನ್ ತಾವು ಕಣದಲ್ಲಿಲ್ಲ ಎಂದು ಘೋಷಿಸಿದರು. ಮೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಮೂನ್ ಗೆದ್ದರು.

ಈ ಸುದ್ದಿಗೆ 'ಸ್ಪರ್ಧೆಯಿಂದ ಹಿಂದೆ ಸರಿದ ಮೂನ್' ಎಂದು ಕನ್ನಡ ಶೀರ್ಷಿಕೆ ಕೊಟ್ಟರೆ ಏನಾಗುತ್ತದೆ? ಹಿಂದೆ ಸರಿದವರು ಬಾನ್. ಆದರೆ ಓದುಗನಿಗೆ ತಲುಪುವುದು, ಮುಂದೆ ಅಧ್ಯಕ್ಷರಾದ ವ್ಯಕ್ತಿಯೇ ಕಣ ಬಿಟ್ಟರೆಂಬ ಅರ್ಥ. ಬಾನ್ ಅವರ ಹೆಸರಿನಲ್ಲಿ 'ಮೂನ್' ಎಂಬುದು ಸ್ವಂತ ಹೆಸರಿನ ಎರಡನೆಯ ತುಣುಕು ಮಾತ್ರ. ಮೂನ್ ಜೇ-ಇನ್ ಅವರ ಹೆಸರಿನಲ್ಲಿ ಅದೇ ಪದ ಮನೆತನದ ಹೆಸರು. ಯಾವ ಪದ ಎಲ್ಲಿ ನಿಂತಿದೆ ಎಂಬುದನ್ನು ಗಮನಿಸದಿದ್ದರೆ ಸುದ್ದಿಯೇ ತಲೆಕೆಳಗಾಗುತ್ತದೆ.

ಕೊನೆಯ ಪದವನ್ನು ಹಿಡಿಯುವ ರೂಢಿ

ಈ ತಪ್ಪಿನ ಮೂಲ ನಮ್ಮದೇ ಹೆಸರುಗಳ ರೂಢಿಯಲ್ಲಿದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲು ಊರು, ನಂತರ ತಂದೆ, ಕೊನೆಗೆ ಸ್ವಂತ ಹೆಸರು ಬರುತ್ತದೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಮೊದಲು ಸ್ವಂತ ಹೆಸರು, ನಂತರ ತಂದೆ, ಕೊನೆಗೆ ಅಡ್ಡಹೆಸರು. ಎರಡು ಪದ್ಧತಿಗಳ ಕ್ರಮ ಬೇರೆಯಾದರೂ ಕೊನೆಯ ಪದವನ್ನು ಹಿಡಿದುಕೊಂಡರೆ ಸಾಕು: ಪುಟ್ಟಪ್ಪ, ಬೇಂದ್ರೆ. ಇಂಗ್ಲಿಷರ ಹೆಸರುಗಳಲ್ಲೂ ಕೊನೆಯ ಪದವೇ ಚಲಾವಣೆಯಲ್ಲಿರುವುದರಿಂದ ಈ ಅಭ್ಯಾಸಕ್ಕೆ ಎಲ್ಲಿಯೂ ಅಡ್ಡಿಯಾಗಿಲ್ಲ.

ಚೀನಾ, ಕೊರಿಯಾ ಮತ್ತು ಜಪಾನಿನಲ್ಲಿ ಅದು ಕೈಕೊಡುತ್ತದೆ. ಈ ಮೂರೂ ದೇಶಗಳ ಭಾಷೆಗಳಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಅನಂತರ. ವ್ಯಕ್ತಿಯನ್ನು ಗೌರವದಿಂದ ಸಂಕ್ಷೇಪವಾಗಿ ಹೆಸರಿಸುವಾಗ ಬಳಸುವುದು ಮೊದಲ ಪದವನ್ನು. ಮಾವೊ ಝೆಡಾಂಗ್ ಅವರನ್ನು ಜಗತ್ತು ಕರೆದದ್ದು 'ಅಧ್ಯಕ್ಷ ಮಾವೊ' ಎಂದೇ ಹೊರತು 'ಅಧ್ಯಕ್ಷ ಝೆಡಾಂಗ್' ಎಂದಲ್ಲ. ಅದೇ ನಿಯಮವನ್ನು ಇಂದಿನ ಅಧ್ಯಕ್ಷರಿಗೆ ಅನ್ವಯಿಸಿದರೆ ಷಿ ಜಿನ್‌ಪಿಂಗ್ ಅವರು 'ಷಿ' ಆಗುತ್ತಾರೆ, 'ಜಿನ್‌ಪಿಂಗ್' ಅಲ್ಲ. ಆದರೆ 'ಷಿ' ಎಂಬ ಒಂಟಿ ಅಕ್ಷರ ಕನ್ನಡ ಶೀರ್ಷಿಕೆಯಲ್ಲಿ ಹೆಸರಿನಂತೆ ಕಾಣುವುದಿಲ್ಲ ಎಂಬುದೂ ನಿಜ. ಅಂಥ ಕಡೆ ಪೂರ್ಣ ಹೆಸರನ್ನು ಬರೆದು ಬೇರೊಂದು ಪದವನ್ನು ಕಡಿಮೆ ಮಾಡುವುದು ಸರಿಯಾದ ದಾರಿ. ಒಳಗಿನ ಬರಹದಲ್ಲಿ 'ಷಿ ಅವರು', 'ಷಿ ಅವರ' ಎಂದು ಮುಂದುವರಿಸಬಹುದು.

ಹೆಸರನ್ನು ಇನಿಷಿಯಲ್‌ಗೆ ಇಳಿಸುವ ನಮ್ಮ ಪದ್ಧತಿಯೂ ಇಲ್ಲಿ ಸಲ್ಲದು. ಬಾನ್ ಅವರನ್ನು 'ಬಿ.ಕೆ. ಮೂನ್' ಎಂದರೆ ಉಳಿಯಬೇಕಾದ ಪದ ಹೋಗಿ, ಹೋಗಬಹುದಾದ ತುಣುಕು ಉಳಿಯುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ಷಿ ಭಾರತಕ್ಕೆ ಬಂದಿದ್ದಾಗ ದೂರದರ್ಶನದ ವಾರ್ತಾ ವಾಚಕರೊಬ್ಬರು ಅವರ ಮನೆತನದ ಹೆಸರಿನ ಎರಡು ಇಂಗ್ಲಿಷ್ ಅಕ್ಷರಗಳನ್ನು ರೋಮನ್ ಅಂಕಿಯೆಂದು ಭಾವಿಸಿ 'ಇಲೆವೆನ್ ಜಿನ್‌ಪಿಂಗ್' ಎಂದು ಓದಿ ಕೆಲಸ ಕಳೆದುಕೊಂಡದ್ದು ಹಲವರಿಗೆ ನೆನಪಿರಬಹುದು. ಮೊದಲ ಪದವೇ ಮುಖ್ಯ ಹೆಸರು ಎಂಬ ಅರಿವಿದ್ದಲ್ಲಿ ಅದು ಅಂಕಿಯಾಗಿ ಕಾಣುತ್ತಿರಲಿಲ್ಲ.

ಚೀನೀ ಹೆಸರು: ಉಚ್ಚಾರಾಂಶಗಳ ಲೆಕ್ಕ

ಚೀನೀ ಮನೆತನದ ಹೆಸರುಗಳಲ್ಲಿ ಬಹುಪಾಲು ಒಂದೇ ಉಚ್ಚಾರಾಂಶದವು: ವಾಂಗ್, ಲಿ, ಝಾಂಗ್, ಷಿ, ಡೆಂಗ್. ಔಯಾಂಗ್, ಸಿಮಾ ಮುಂತಾದ ಎರಡು ಉಚ್ಚಾರಾಂಶದ ಹೆಸರುಗಳು ವಿರಳ. ಸ್ವಂತ ಹೆಸರಿಗೆ ಒಂದು ಅಥವಾ ಎರಡು ಉಚ್ಚಾರಾಂಶಗಳಿರುತ್ತವೆ. ಎರಡಿದ್ದಾಗ ಚೀನಾದ ಅಧಿಕೃತ ರೋಮನ್ ಲಿಪ್ಯಂತರವಾದ ಪಿನ್‌ಯಿನ್‌ನಲ್ಲಿ ಅವನ್ನು ಕೂಡಿಸಿಯೇ ಬರೆಯುತ್ತಾರೆ. ಕನ್ನಡದಲ್ಲೂ ಹಾಗೆಯೇ ಬರೆಯುವುದು ಉಚಿತ: 'ಡೆಂಗ್ ಷಿಯಾವೊಪಿಂಗ್', 'ಷಿ ಜಿನ್‌ಪಿಂಗ್'. 'ಷಿ ಜಿನ್ ಪಿಂಗ್' ಎಂದು ಮೂರು ತುಂಡು ಮಾಡಿದರೆ ಹೆಸರು ಎಲ್ಲಿ ಮುಗಿದು ಎಲ್ಲಿ ಆರಂಭವಾಯಿತೆಂಬುದು ತಿಳಿಯದು.

ಹೀಗಾಗಿ ಒಂದು ತುಂಡು ಚಿಕ್ಕದು, ಇನ್ನೊಂದು ಕೂಡಿದ್ದು ಎಂದಿದ್ದರೆ ಸಾಮಾನ್ಯವಾಗಿ ಚಿಕ್ಕದ್ದೇ ಮನೆತನದ ಹೆಸರು. ಇಂಗ್ಲಿಷ್ ಬರಹದಲ್ಲಿ ಕ್ರಮ ಬದಲಾಗಿ 'ಜಿನ್‌ಪಿಂಗ್ ಷಿ' ಎಂದು ಬಂದರೂ ಈ ಗುರುತು ಕೈಬಿಡುವುದಿಲ್ಲ. ಎರಡೂ ಚಿಕ್ಕದಾಗಿರುವಾಗ, ಉದಾಹರಣೆಗೆ ವಾಂಗ್ ಯಿ, ಯಾವೊ ಮಿಂಗ್ ಎಂಬಲ್ಲಿ, ಈ ಲೆಕ್ಕ ನೆರವಾಗದು. ಬಾಸ್ಕೆಟ್‌ಬಾಲ್ ತಾರೆ ಯಾವೊ ಮಿಂಗ್ ಅವರ ಅಂಗಿಯ ಬೆನ್ನಿಗೆ 'ಯಾವೊ' ಎಂದು ಬರೆದಿದ್ದರು. ಕ್ರೀಡಾಪಟುಗಳ ವಿಷಯದಲ್ಲಿ ಇಂಥ ಗುರುತು ಸುಲಭವಾಗಿ ಸಿಗುತ್ತದೆ.

ಮದುವೆಯ ನಂತರ ಚೀನೀ ಮಹಿಳೆಯರು ಸಾಮಾನ್ಯವಾಗಿ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಾರೆ ಎಂಬುದನ್ನೂ ಮರೆಯಬಾರದು. ಷಿ ಅವರ ಪತ್ನಿ, ಗಾಯಕಿ ಪೆಂಗ್ ಲಿಯುವಾನ್. ಅವರು 'ಪೆಂಗ್' ಆಗುತ್ತಾರೆಯೇ ಹೊರತು 'ಶ್ರೀಮತಿ ಷಿ' ಅಲ್ಲ. ಕೊರಿಯಾದಲ್ಲೂ ಇದೇ ಪದ್ಧತಿ. ಜಪಾನಿನಲ್ಲಿ ಮಾತ್ರ ಪತಿಪತ್ನಿಯರು ಕಾನೂನಿನ ಪ್ರಕಾರ ಒಂದೇ ಮನೆತನದ ಹೆಸರನ್ನು ಹೊಂದಿರಬೇಕು.

ಕೊರಿಯಾ: ಹೈಫನ್ ಹೇಳುವ ಮಾತು

ದಕ್ಷಿಣ ಕೊರಿಯಾದ 2015ರ ಜನಗಣತಿಯ ಪ್ರಕಾರ ಕಿಮ್, ಲೀ, ಪಾರ್ಕ್ ಎಂಬ ಮೂರೇ ಹೆಸರುಗಳು ಅಲ್ಲಿನ ನೂರು ಜನರಲ್ಲಿ ಸುಮಾರು 45 ಮಂದಿಗೆ ಇವೆ. ಆದುದರಿಂದ ಮನೆತನದ ಹೆಸರನ್ನು ಗುರುತಿಸುವುದು ಸುಲಭ, ಅದೊಂದರಿಂದಲೇ ವ್ಯಕ್ತಿಯನ್ನು ಗುರುತಿಸುವುದು ಕಷ್ಟ. ಒಂದೇ ವರದಿಯಲ್ಲಿ ಇಬ್ಬರು ಕಿಮ್‌ಗಳಿದ್ದರೆ ಪ್ರತಿ ಬಾರಿಯೂ ಪೂರ್ಣ ಹೆಸರು ಬರೆಯದೆ ಗತ್ಯಂತರವಿಲ್ಲ.

ದಕ್ಷಿಣ ಕೊರಿಯನ್ನರು ಸ್ವಂತ ಹೆಸರಿನ ಎರಡು ಉಚ್ಚಾರಾಂಶಗಳ ನಡುವೆ ಹೆಚ್ಚಾಗಿ ಹೈಫನ್ ಹಾಕುತ್ತಾರೆ. ಕನ್ನಡದಲ್ಲಿ ಅದನ್ನು ಉಳಿಸಿಕೊಳ್ಳುವುದು ಒಳ್ಳೆಯದು. 'ಕಿ-ಮೂನ್' ಎಂದು ಜೋಡಿಸಿ ಬರೆದಲ್ಲಿ ಯಾರೂ 'ಮೂನ್' ಅನ್ನು ಕಿತ್ತು ಶೀರ್ಷಿಕೆಗೆ ಹಾಕಲಾರರು. ಉತ್ತರ ಕೊರಿಯಾ ಹೈಫನ್ ಇಲ್ಲದೆ ಮೂರು ಪದಗಳಾಗಿ ಬರೆಯುತ್ತದೆ: ಕಿಮ್ ಜೊಂಗ್ ಉನ್. ಅಪಾಯ ಹೆಚ್ಚಿರುವುದು ಇಲ್ಲಿಯೇ. 'ಉನ್' ಎಂಬುದು ಸ್ವಂತ ಹೆಸರಿನ ಅರ್ಧ ಭಾಗ. ಉಳಿದರ್ಧವಾದ 'ಜೊಂಗ್' ಆ ಮನೆಯ ಹಲವರಲ್ಲಿದೆ: ತಂದೆ ಕಿಮ್ ಜೊಂಗ್ ಇಲ್, 2017ರಲ್ಲಿ ಕ್ವಾಲಾಲಂಪುರದಲ್ಲಿ ಹತ್ಯೆಯಾದ ಮಲಸಹೋದರ ಕಿಮ್ ಜೊಂಗ್ ನಾಮ್, ತಂಗಿ ಕಿಮ್ ಯೊ ಜೊಂಗ್. ಅಧಿಕೃತ ಹೇಳಿಕೆಗಳನ್ನು ಹೊರಡಿಸುವವರಲ್ಲಿ ಅಣ್ಣ ಮತ್ತು ತಂಗಿ ಇಬ್ಬರೂ ಇರುವುದರಿಂದ 'ಕಿಮ್ ಎಚ್ಚರಿಕೆ' ಎಂಬ ಶೀರ್ಷಿಕೆಯೂ ಅಸ್ಪಷ್ಟ. ಪೂರ್ಣ ಹೆಸರೇ ಕ್ಷೇಮ.

2024ರ ನೊಬೆಲ್ ಸಾಹಿತ್ಯ ಪ್ರಶಸ್ತಿ ಪಡೆದ ಹಾನ್ ಕಾಂಗ್ ಅವರ ಹೆಸರಿನಲ್ಲಿ ಇನ್ನೊಂದು ತೊಡಕಿದೆ. ಅವರ ಸ್ವಂತ ಹೆಸರಿಗೆ ಒಂದೇ ಉಚ್ಚಾರಾಂಶ, ಹೈಫನ್ ಇಲ್ಲ. ಸಾಲದುದಕ್ಕೆ ಕಾಂಗ್ ಎಂಬ ಮನೆತನದ ಹೆಸರೂ ಕೊರಿಯಾದಲ್ಲಿ ಇದೆ. ಆದರೆ ಈ ಲೇಖಕಿಯ ಮನೆತನ ಹಾನ್. ಎರಡನೆಯ ಉಲ್ಲೇಖದಲ್ಲಿ 'ಹಾನ್ ಅವರ ಕಾದಂಬರಿ' ಎಂದೇ ಆಗಬೇಕು.

ಜಪಾನ್: ಎರಡು ಕ್ರಮಗಳ ಗೊಂದಲ

ಜಪಾನೀಯರು ತಮ್ಮ ಭಾಷೆಯಲ್ಲಿ ಸದಾ ಮನೆತನದ ಹೆಸರನ್ನೇ ಮುಂದಿಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಮೇಜಿ ಕಾಲದಲ್ಲಿ ಪಾಶ್ಚಾತ್ಯರೊಡನೆ ವ್ಯವಹಾರ ಬೆಳೆದಂತೆ, ಇಂಗ್ಲಿಷಿನಲ್ಲಿ ಬರೆಯುವಾಗ ಕ್ರಮವನ್ನು ತಿರುಗಿಸುವ ಪರಿಪಾಠ ನೆಲೆಯೂರಿತು. ಹೀಗೆ ಅಬೆ ಶಿಂಜೊ ಇಂಗ್ಲಿಷಿನಲ್ಲಿ 'ಶಿಂಜೊ ಅಬೆ' ಆದರು. ಸುದ್ದಿ ಇಂಗ್ಲಿಷ್ ಸಂಸ್ಥೆಗಳ ಮೂಲಕ ಬರುವುದರಿಂದ ಕನ್ನಡದಲ್ಲೂ ಅದೇ ಉಳಿಯಿತು. ಪರಿಣಾಮವಾಗಿ 'ಷಿ ಜಿನ್‌ಪಿಂಗ್ ಮತ್ತು ಶಿಂಜೊ ಅಬೆ ಭೇಟಿ' ಎಂಬ ಒಂದೇ ವಾಕ್ಯದಲ್ಲಿ ಎರಡು ವಿರುದ್ಧ ಕ್ರಮಗಳು ಸೇರಿಕೊಂಡವು.

2019ರ ಮೇ ತಿಂಗಳಲ್ಲಿ ಅಂದಿನ ವಿದೇಶಾಂಗ ಸಚಿವ ಕೋನೊ ತಾರೊ ಇದನ್ನೇ ಎತ್ತಿದರು. ಚೀನಾ ಮತ್ತು ಕೊರಿಯಾದ ನಾಯಕರ ಹೆಸರನ್ನು ಅವರದೇ ಕ್ರಮದಲ್ಲಿ ಬರೆಯುವ ವಿದೇಶಿ ಮಾಧ್ಯಮಗಳು ತಮ್ಮ ಪ್ರಧಾನಿಯನ್ನೂ 'ಅಬೆ ಶಿಂಜೊ' ಎಂದು ಬರೆಯಲಿ ಎಂಬುದು ಅವರ ಕೋರಿಕೆಯಾಗಿತ್ತು. 2020ರ ಜನವರಿ 1ರಿಂದ ಜಪಾನ್ ಸರ್ಕಾರದ ಅಧಿಕೃತ ಕಾಗದಪತ್ರಗಳು ರೋಮನ್ ಲಿಪಿಯಲ್ಲೂ ಮನೆತನದ ಹೆಸರನ್ನು ಮುಂದಿಡುತ್ತಿವೆ. ಅನೇಕ ಇಂಗ್ಲಿಷ್ ಸುದ್ದಿಸಂಸ್ಥೆಗಳು ಹಳೆಯ ಕ್ರಮವನ್ನು ಬಿಟ್ಟಿಲ್ಲ.

ಚೀನೀ ಹೆಸರಿನಂತೆ ಇಲ್ಲಿ ಪದದ ಆಕಾರ ನೋಡಿ ತಿಳಿಯಲಾಗದು. 2025ರ ಅಕ್ಟೋಬರ್‌ನಲ್ಲಿ ಪ್ರಧಾನಿಯಾದ ತಕಾಯಿಚಿ ಸನಾಯೆ ಅವರ ಹೆಸರಿನ ಎರಡೂ ಪದಗಳು ಉದ್ದನೆಯವೇ. ಜಪಾನ್ ಸರ್ಕಾರದ ಜಾಲತಾಣದಲ್ಲಿ ಮೊದಲು ಬರುವ ಪದವೇ ಮನೆತನದ ಹೆಸರು ಎಂದು ನೋಡಿಕೊಳ್ಳಬೇಕು. ಮನೆತನದ ಹೆಸರನ್ನು ಮುಂದಿಟ್ಟು ಬರೆದು, ಮೊದಲ ಉಲ್ಲೇಖದಲ್ಲಿ ಒಮ್ಮೆ 'ತಕಾಯಿಚಿ ಎಂಬುದು ಮನೆತನದ ಹೆಸರು' ಎಂದು ತಿಳಿಸಿದರೆ, ಬೇರೆಡೆ 'ಸನಾಯೆ ತಕಾಯಿಚಿ' ಎಂದು ಓದಿದವರಿಗೂ ಗೊಂದಲವಾಗದು. ಯಾವ ಕ್ರಮವನ್ನೇ ಆರಿಸಿಕೊಂಡರೂ ಶೀರ್ಷಿಕೆಗೆ ಬರಬೇಕಾದ ಪದ 'ತಕಾಯಿಚಿ'.

ಕ್ರಮ ತಿರುಗಿಸಬಾರದ ಹೆಸರುಗಳು

ನಿಯಮ ತಿಳಿದ ಉತ್ಸಾಹದಲ್ಲಿ ಎಲ್ಲವನ್ನೂ ತಿರುಗಿಸುವುದು ಇನ್ನೊಂದು ತಪ್ಪು. ನಾಗಾಸಾಕಿಯಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಬೆಳೆದ ಲೇಖಕ ಕಜುವೊ ಇಶಿಗುರೊ ಅವರು ಇಂಗ್ಲಿಷ್ ಲೇಖಕರು, ಅವರ ಹೆಸರು ಪುಸ್ತಕದ ಮೇಲಿರುವಂತೆಯೇ ಇರಬೇಕು. ಬ್ರೂಸ್ ಲೀ, ಜಾಕಿ ಚಾನ್ ಮುಂತಾದ ಹೆಸರುಗಳಲ್ಲಿ ಸ್ವಂತ ಹೆಸರು ಇಂಗ್ಲಿಷಿನದು, ಅದು ಮೊದಲೇ ಬರುತ್ತದೆ. ಮನೆತನ ಲೀ ಮತ್ತು ಚಾನ್. ಆದರೆ ಸಿಂಗಪುರದ ಲೀ ಕುವಾನ್ ಯೂ ಅವರ ಹೆಸರು ಚೀನೀ ಕ್ರಮದಲ್ಲೇ ಇದೆ. ನಿರ್ಣಾಯಕವಾದುದು ವಂಶವಲ್ಲ, ವ್ಯಕ್ತಿ ತನ್ನ ಹೆಸರನ್ನು ಬಳಸುವ ರೀತಿ.

ರೋಮನ್ ಲಿಪಿಯಲ್ಲಿ ಮನೆತನದ ಹೆಸರನ್ನು ದೊಡ್ಡಕ್ಷರಗಳಲ್ಲಿ ಬರೆದು ಸೂಚಿಸುವ ಉಪಾಯವಿದೆ. ಕನ್ನಡಕ್ಕೆ ದೊಡ್ಡಕ್ಷರವಿಲ್ಲ, ಆದ್ದರಿಂದ ನಮ್ಮ ಓದುಗನಿಗೆ ಪದಗಳ ಕ್ರಮ, ಹೈಫನ್ ಮತ್ತು ಕೂಡಿಸಿ ಬರೆದ ರೂಪ ಇವಿಷ್ಟೇ ಸುಳಿವುಗಳು. ಇಂಗ್ಲಿಷ್ ಪ್ರತಿ ಕೈಗೆ ಬಂದಾಗ ಅದರ ಎರಡನೆಯ ಉಲ್ಲೇಖವನ್ನು ಹುಡುಕುವುದು ಅತ್ಯಂತ ಸರಳ ಪರೀಕ್ಷೆ. ಮೊದಲ ಸಾಲಿನಲ್ಲಿ 'ಬಾನ್ ಕಿ-ಮೂನ್' ಎಂದಿದ್ದು ಮುಂದಿನ ಸಾಲಿನಲ್ಲಿ 'ಶ್ರೀ ಬಾನ್' ಅಥವಾ ಬರಿಯ 'ಬಾನ್' ಎಂದಿದ್ದರೆ ಮನೆತನದ ಹೆಸರು ಅದೇ. ಶೀರ್ಷಿಕೆಯನ್ನು ಅದರ ನಂತರ ಬರೆದರೆ ಸಾಕು.