ಬಿನ್ ಪ್ಯಾಕಿಂಗ್

ಬೇರೆ ಬೇರೆ ಅಳತೆಯ ಪಾರ್ಸೆಲ್‌ಗಳನ್ನು ಒಂದೇ ಸಾಮರ್ಥ್ಯದ ಪೆಟ್ಟಿಗೆಗಳಲ್ಲಿ ಅಥವಾ ಲಾರಿಗಳಲ್ಲಿ, ಆದಷ್ಟು ಕಡಿಮೆ ಸಂಖ್ಯೆಯಲ್ಲಿ, ತುಂಬಿಸುವ ಗಣಿತ ಸಮಸ್ಯೆ. ಸಮಸ್ಯೆಯ ಮೂಲ ರೂಪದಲ್ಲಿ ಪ್ರತಿ ಪಾರ್ಸೆಲ್‌ಗೆ ಒಂದೇ ಅಳತೆ, ಸಾಮಾನ್ಯವಾಗಿ ತೂಕ. ಉದ್ದ, ಅಗಲ, ಎತ್ತರ ಮೂರನ್ನೂ ಪರಿಗಣಿಸಿದರೆ ಸಮಸ್ಯೆ ಇನ್ನಷ್ಟು ಜಟಿಲವಾಗುತ್ತದೆ.

ಹಿನ್ನೆಲೆ: ಈ ಸಮಸ್ಯೆಯ ವ್ಯವಸ್ಥಿತ ಅಧ್ಯಯನ ಬೆಳೆದದ್ದು ಕಂಪ್ಯೂಟರಿನ ಸ್ಮರಣೆಯನ್ನು ಹಂಚುವ ಪ್ರಶ್ನೆಯಿಂದ. 1971ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜೆಫ್ರಿ ಉಲ್‌ಮನ್ ‘ಫಸ್ಟ್ ಫಿಟ್’ ಎಂಬ ಸರಳ ಕ್ರಮವನ್ನು ಪರೀಕ್ಷೆಗೆ ಒಡ್ಡಿದರು. ಕೈಗೆ ಬಂದ ಪಾರ್ಸೆಲನ್ನು ಹಿಡಿದು ಮೊದಲ ಪೆಟ್ಟಿಗೆಯಿಂದ ನೋಡುತ್ತ ಹೋಗುವುದು. ಎಲ್ಲಿ ಮೊದಲು ಹಿಡಿಸುತ್ತದೋ ಅಲ್ಲೇ ಇಡುವುದು. ಎಲ್ಲೂ ಹಿಡಿಸದಿದ್ದರೆ ಮಾತ್ರ ಹೊಸ ಪೆಟ್ಟಿಗೆ ತೆರೆಯುವುದು. ಈ ಕ್ರಮ ಎಷ್ಟೇ ಕೆಟ್ಟರೂ, ಅತ್ಯುತ್ತಮ ಜೋಡಣೆಗೆ 10 ಪೆಟ್ಟಿಗೆ ಬೇಕಾದ ಕಡೆ ಸುಮಾರು 17ನ್ನು ಮೀರುವುದಿಲ್ಲ ಎಂಬುದು ಅವರ ಕೆಲಸದಿಂದ ತಿಳಿಯಿತು. ಮೈಕೆಲ್ ಗ್ಯಾರಿ ಮತ್ತು ರೊನಾಲ್ಡ್ ಗ್ರಹಾಂ ಅವರೊಡನೆ ಉಲ್‌ಮನ್ 1972ರಲ್ಲಿ ಈ ವಿಶ್ಲೇಷಣೆಯನ್ನು ಮುಂದುವರಿಸಿದರು.

ದೊಡ್ಡದು ಮೊದಲು: ಫಸ್ಟ್ ಫಿಟ್ ಕೆಡುವುದು ಸಣ್ಣವು ಮೊದಲು ಬಂದಾಗ. ಪೆಟ್ಟಿಗೆಗೆ 10 ಕಿಲೋ ಮಿತಿ ಎಂದಿಟ್ಟುಕೊಳ್ಳೋಣ. 3, 3, 3, 7, 7, 7 ಎಂಬ ಸಾಲು ಬಂದರೆ ಮೂರು ಸಣ್ಣವು ಒಂದೇ ಪೆಟ್ಟಿಗೆ ಸೇರುತ್ತವೆ, ಏಳು ಕಿಲೋದ ಪ್ರತಿಯೊಂದಕ್ಕೂ ಬೇರೆ ಪೆಟ್ಟಿಗೆ ಬೇಕಾಗುತ್ತದೆ; ಒಟ್ಟು ನಾಲ್ಕು. ಭಾರವಾದವುಗಳಿಂದ ಆರಂಭಿಸಿದರೆ ಮೂರರಲ್ಲೇ ಮುಗಿಯುತ್ತದೆ. ಹೀಗೆ ಇಳಿಕೆಯ ಕ್ರಮದಲ್ಲಿ ಜೋಡಿಸಿಕೊಂಡು ತುಂಬುವ ವಿಧಾನಕ್ಕೆ ‘ಫಸ್ಟ್ ಫಿಟ್ ಡಿಕ್ರೀಸಿಂಗ್’ ಎಂದು ಹೆಸರು. ಇದೂ ತಪ್ಪುವುದುಂಟು: 4, 4, 3, 3, 3, 3 ಇದ್ದಾಗ ಎರಡು ನಾಲ್ಕುಗಳು ಜೊತೆಯಾಗಿ ಮೂರು ಪೆಟ್ಟಿಗೆ ಬೇಕಾಗುತ್ತವೆ, 4, 3, 3 ಎಂದು ಹಂಚಿದರೆ ಎರಡೇ ಸಾಕು.

ಈ ತಪ್ಪಿನ ಮಿತಿಯನ್ನು ಡೇವಿಡ್ ಜಾನ್ಸನ್ 1973ರಲ್ಲಿ ಎಂಐಟಿಗೆ ಸಲ್ಲಿಸಿದ ಪಿಎಚ್‌.ಡಿ. ಪ್ರಬಂಧದಲ್ಲಿ ಸಾಧಿಸಿದರು: ಅತ್ಯುತ್ತಮ ಸಂಖ್ಯೆಯ 11/9 ಪಟ್ಟು, ಅದರ ಮೇಲೆ 4. ಆ ನಾಲ್ಕನ್ನು ಕರಗಿಸಲು ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. 1985ರಲ್ಲಿ ಬ್ರೆಂಡಾ ಬೇಕರ್ ಅದನ್ನು 3ಕ್ಕೆ ಇಳಿಸಿದರು, 1991ರಲ್ಲಿ ಚೀನಾದ ಯುಯೆ ಮಿನ್ಯಿ 1ಕ್ಕೆ ತಂದರು, 2007ರಲ್ಲಿ ಹಂಗೆರಿಯ ಗ್ಯೋರ್ಗಿ ಡೋಸಾ 6/9ಕ್ಕೆ ತಂದು, ಅದಕ್ಕಿಂತ ಕೆಳಗೆ ಇಳಿಸಲಾಗದೆಂದು ಸಾಧಿಸಿದರು. ಒಂಬತ್ತು ಲಾರಿಗಳಲ್ಲಿ ಹಿಡಿಸುವ ಸರಕಿಗೆ ಈ ವಿಧಾನ ಹನ್ನೊಂದಕ್ಕಿಂತ ಹೆಚ್ಚು ಲಾರಿಗಳನ್ನು ಎಂದೂ ಕೇಳದು ಎಂಬುದು ಇದರ ಅರ್ಥ.

ಗ್ರಹಾಂ ಅವರ ಉದಾಹರಣೆ: ಸರಕು ಕಡಿಮೆಯಾದರೆ ಪೆಟ್ಟಿಗೆಗಳು ಹೆಚ್ಚಾಗಲಾರವು ಎಂದು ಯಾರಿಗಾದರೂ ಅನಿಸುತ್ತದೆ. ಗ್ರಹಾಂ ಅದನ್ನು 33 ತೂಕಗಳ ಒಂದು ಪಟ್ಟಿಯಿಂದ ಸುಳ್ಳಾಗಿಸಿದರು. ಪೆಟ್ಟಿಗೆಯ ಮಿತಿ 524. ತೂಕಗಳು: 442 ಒಂದು, 252 ಏಳು, 127 ಐದು, 106 ನಾಲ್ಕು, 85, 84 ಮತ್ತು 46 ಒಂದೊಂದು, 37 ಎರಡು, 12 ಮೂರು, 10 ಆರು, 9 ಎರಡು. ದೊಡ್ಡದು ಮೊದಲು ಎಂಬ ಕ್ರಮದಲ್ಲಿ ಇವು ಏಳು ಪೆಟ್ಟಿಗೆಗಳಲ್ಲಿ ಒಂದು ಚೂರೂ ಜಾಗ ಉಳಿಯದಂತೆ ತುಂಬುತ್ತವೆ.

ಈಗ 46ನ್ನು ತೆಗೆದುಬಿಡಿ. ಮೊದಲಿನ ಜೋಡಣೆಯಲ್ಲಿ 442ರ ಪಕ್ಕದ 82ರ ಜಾಗದಲ್ಲಿ ಕುಳಿತು, ಎರಡು 37ಗಳನ್ನು ಆರನೆಯ ಮತ್ತು ಏಳನೆಯ ಪೆಟ್ಟಿಗೆಗಳಿಗೆ ದೂಡುತ್ತಿದ್ದುದು ಅದೇ. ಅದು ಇಲ್ಲದಾಗ ಎರಡೂ 37ಗಳು ಮೊದಲ ಪೆಟ್ಟಿಗೆಯನ್ನೇ ಸೇರುತ್ತವೆ, ಅಲ್ಲಿ ಉಳಿಯುವುದು 8. ಅಲ್ಲಿಗೆ ಹೋಗಬೇಕಿದ್ದ ಮೂರು 12ಗಳು ತಲಾ 20 ಜಾಗವಿದ್ದ ಮುಂದಿನ ಮೂರು ಪೆಟ್ಟಿಗೆಗಳಿಗೆ ಹೋಗುತ್ತವೆ. ಅಲ್ಲಿಯೂ ತಲಾ 8 ಉಳಿಯುತ್ತದೆ. ಜಾಗ ಕಳೆದುಕೊಂಡ 10ಗಳು ಕೊನೆಯ ಮೂರು ಪೆಟ್ಟಿಗೆಗಳಿಗೆ ಚದುರುತ್ತವೆ. ಕಡೆಯ 9ರ ಸರದಿ ಬಂದಾಗ ಏಳು ಪೆಟ್ಟಿಗೆಗಳಲ್ಲಿ ಒಟ್ಟು 55ರಷ್ಟು ಖಾಲಿ ಇದ್ದರೂ ಯಾವುದರಲ್ಲೂ 8ಕ್ಕಿಂತ ಹೆಚ್ಚು ಇರುವುದಿಲ್ಲ. ಎಂಟನೆಯ ಪೆಟ್ಟಿಗೆ ತೆರೆಯಲೇಬೇಕು. ಕೆಡುಕು ಒಟ್ಟು ಜಾಗದ ಕೊರತೆಯದಲ್ಲ, ಜಾಗ ಚೂರುಚೂರಾಗಿ ಹಂಚಿಹೋದದ್ದರದು.

ಮಿತಿಗಳು: ತಪ್ಪೇ ಆಗದ ವೇಗದ ವಿಧಾನ ಏಕಿಲ್ಲ ಎಂಬುದಕ್ಕೆ ರಿಚರ್ಡ್ ಕಾರ್ಪ್ ಅವರ 1972ರ ಲೇಖನದಲ್ಲಿ ಉತ್ತರದ ಎಳೆಯಿದೆ. ಕೊಟ್ಟ ತೂಕಗಳನ್ನು ಎರಡು ಸಮಪಾಲು ಮಾಡಬಹುದೇ ಎಂಬ ಪ್ರಶ್ನೆಯನ್ನು ಅವರು ಅತಿ ಕಠಿಣ ಸಮಸ್ಯೆಗಳ ಪಟ್ಟಿಗೆ ಸೇರಿಸಿದರು. ಸರಕು ಎರಡು ಲಾರಿಗಳಲ್ಲಿ ಹಿಡಿಸುತ್ತದೆಯೋ, ಮೂರು ಬೇಕೋ ಎಂದು ನಿರ್ಧರಿಸುವುದರಲ್ಲಿ ಇದೇ ಪ್ರಶ್ನೆ ಅಡಗಿದೆ. ಆದರೆ ಪೆಟ್ಟಿಗೆಗಳ ಸಂಖ್ಯೆ ದೊಡ್ಡದಾದಾಗ ಅತ್ಯುತ್ತಮಕ್ಕೆ ಬಹಳ ಹತ್ತಿರ ಹೋಗಲು ಸಾಧ್ಯವೆಂದು ಗ್ವಾಲಿಯರ್‌ನಲ್ಲಿ ಹುಟ್ಟಿದ ನರೇಂದ್ರ ಕರ್ಮಾರ್ಕರ್ ಮತ್ತು ಕಾರ್ಪ್ 1982ರಲ್ಲಿ ತೋರಿಸಿದರು. 2017ರಲ್ಲಿ ರೆಬೆಕಾ ಹೋಬರ್ಗ್ ಮತ್ತು ಥಾಮಸ್ ರೋಥ್‌ವಾಸ್ ಆ ಅಂತರವನ್ನು ಇನ್ನೂ ಕಿರಿದಾಗಿಸಿದರು. ಅತ್ಯುತ್ತಮಕ್ಕಿಂತ ಒಂದೇ ಪೆಟ್ಟಿಗೆ ಹೆಚ್ಚಾಗುವಂತೆ ತುಂಬುವ ವೇಗದ ವಿಧಾನ ಇದೆಯೇ ಎಂಬುದು ಇತ್ಯರ್ಥವಾಗದೆ ಉಳಿದಿರುವ ಪ್ರಶ್ನೆ.