ಹಂಪ್ಸ್ ಹಿಂದಿನ ನೊಬೆಲ್ ಮೇಷ್ಟ್ರು

ಸೈನ್ಸ್ ತಗೊಂಡವರಿಗೆ ‘ಕಾಂಪ್ಟನ್ ಎಫೆಕ್ಟ್’ ನೆನಪಿರಬಹುದು. ನಾನು ಕಾಮರ್ಸ್, ನನಗೆ ಆ ಹೆಸರು ಸಿಕ್ಕಿದ್ದು ರೋಡ್ ಹಂಪ್ಸ್ ಬಗ್ಗೆ ಓದುವಾಗ!

ಹುಡುಕೋಕೆ ಕಾರಣ ನಮ್ಮ ಚಿಕ್ಕಮ್ಮ. ಹೋದ ವರ್ಷ ರಾತ್ರಿ ನಾನು ಸ್ಕೂಟರ್ ಓಡಿಸ್ತಿದ್ದೆ, ಅವರು ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತಿದ್ದರು. ಬಣ್ಣ ಇಲ್ಲದ, ಬೋರ್ಡ್ ಇಲ್ಲದ ಒಂದು ಹಂಪ್. ನಾನು ಬೀಳಲಿಲ್ಲ, ಅವರು ಬಿದ್ದರು. ಭುಜದ ಹತ್ತಿರದ ಮೂಳೆ ಮುರೀತು. ಅವತ್ತಿನಿಂದ ಒಂದೇ ಪ್ರಶ್ನೆ: ಜೀವ ಉಳಿಸೋಕೆ ಹಾಕಿದ್ದು ಜನರನ್ನೇ ಯಾಕೆ ಬೀಳಿಸುತ್ತೆ?

▪️ 1953, ಅಮೆರಿಕ

ಆರ್ಥರ್ ಹಾಲಿ ಕಾಂಪ್ಟನ್ 1927ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಆಮೇಲೆ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯ ಚಾನ್ಸೆಲರ್ ಆದರು. ಕ್ಯಾಂಪಸ್‌ನ ಬ್ರೂಕಿಂಗ್ಸ್ ಹಾಲ್ ಮುಂದೆ ಕಾರುಗಳು ಜೋರಾಗಿ ಹೋಗುತ್ತಿದ್ದದ್ದು ಅವರ ಕಣ್ಣಿಗೆ ಬಿತ್ತು. 1953ರಲ್ಲಿ ರಸ್ತೆಗೆ ಅಡ್ಡಲಾಗಿ ಹಾಕುವ ಉಬ್ಬನ್ನು ತಾವೇ ವಿನ್ಯಾಸ ಮಾಡಿದರು. ಅಂದರೆ ಹಂಪ್‌ಗೆ ಎಂಥ ಆಕಾರ ಇರಬೇಕು ಅನ್ನೋದು ನೊಬೆಲ್ ವಿಜ್ಞಾನಿಯೊಬ್ಬರು ಕೂತು ಯೋಚಿಸಿದ ಲೆಕ್ಕ. ಎರಡು ಬಾಂಡ್ಲಿ ಡಾಂಬರು ಸುರಿದು ಗುಡ್ಡೆ ಹಾಕೋ ಕೆಲಸ ಅಲ್ಲ.

▪️ 1973, ಇಂಗ್ಲೆಂಡ್

ಅಲ್ಲಿನ ರಸ್ತೆ ಸಂಶೋಧನಾ ಪ್ರಯೋಗಾಲಯದಲ್ಲಿ ವಾಟ್ಸ್ ಎಂಬ ಸಂಶೋಧಕರು ಬೇರೆ ಬೇರೆ ಆಕಾರದ ಹಂಪ್‌ಗಳ ಮೇಲೆ ಗಾಡಿ ಓಡಿಸಿ ನೋಡಿದರು. ಗಿಡ್ಡ ಹಂಪ್‌ನ ಎಡವಟ್ಟು ಇದು: ಜೋರಾಗಿ ಹೋದರೆ ಚಕ್ರ ಮಾತ್ರ ಮೇಲೆದ್ದು ಇಳಿಯುತ್ತೆ, ಆ ಏಟನ್ನು ಕಾರಿನ ಸಸ್ಪೆನ್ಷನ್ ನುಂಗಿಬಿಡುತ್ತೆ. ಒಳಗೆ ಕೂತವನಿಗೆ ಕೆಲವೊಮ್ಮೆ ನಿಧಾನಕ್ಕಿಂತ ಜೋರೇ ಹಿತ! ಉದ್ದ ಹಂಪ್ ಹಾಗಲ್ಲ, ಅದು ಇಡೀ ಗಾಡಿಯನ್ನೇ ಎತ್ತುತ್ತೆ. ವೇಗ ಹೆಚ್ಚಿದಷ್ಟೂ ಹಿಂಸೆ ಹೆಚ್ಚು, ಹಾಗಾಗಿ ಡ್ರೈವರ್ ತಾನಾಗೇ ನಿಧಾನ ಮಾಡ್ತಾನೆ.

ಅವರು ಆರಿಸಿದ ಅಳತೆ: ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆಂಟಿಮೀಟರ್ ಎತ್ತರ.

▪️ 1988, ಭಾರತ

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಂಪ್‌ಗಳಿಗೆಂದೇ IRC:99 ಅನ್ನೋ ಮಾರ್ಗಸೂಚಿ ತಂತು. ಅದರಲ್ಲೂ ಅದೇ 3.7 ಮೀಟರ್, ಅದೇ 10 ಸೆಂಟಿಮೀಟರ್. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟೋಕೆ ಅಂತ ಇದು. ಜೊತೆಗೆ ಬಣ್ಣದ ಪಟ್ಟೆ, 40 ಮೀಟರ್ ಮೊದಲೇ ಎಚ್ಚರಿಕೆ ಬೋರ್ಡ್.

ಈಗ ಲೆಕ್ಕ ಹಾಕಿ. 25ರಲ್ಲಿ ಬರುವ ಚಕ್ರ 3.7 ಮೀಟರ್ ದಾಟೋಕೆ ಸುಮಾರು ಅರ್ಧ ಸೆಕೆಂಡ್ ಬೇಕು. ನಮ್ಮ ಬೀದಿಯ 40 ಸೆಂಟಿಮೀಟರ್ ಗುಡ್ಡೆ ದಾಟೋಕೆ ಅದರ ಒಂಬತ್ತನೇ ಒಂದು ಭಾಗ ಸಮಯ. ಎತ್ತರ ಅಷ್ಟೇ, ಏರೋಕೆ ಸಿಗುವ ಸಮಯ ಮಾತ್ರ ಇಲ್ಲ. ಚಿಕ್ಕಮ್ಮನನ್ನು ಸೀಟಿನಿಂದ ಎಸೆದದ್ದು ಇದೇ.

▪️ ಆ 40 ಮೀಟರ್ ಯಾಕೆ ಬೇಕು?

ನೀವು 40ರಲ್ಲಿ ಬರ್ತಿದ್ದೀರಿ ಅಂದ್ಕೊಳ್ಳಿ. ಬೋರ್ಡ್ ನೋಡಿ ಬ್ರೇಕಿಗೆ ಕೈ ಹೋಗುವಷ್ಟರಲ್ಲಿ, ಒಂದೂವರೆ ಸೆಕೆಂಡ್ ಹಿಡಿದರೆ, 17 ಮೀಟರ್ ಮುಗಿದಿರುತ್ತೆ. ಹಿಂದಿನವರು ಮುಗ್ಗರಿಸದ ಹಾಗೆ ಮೆಲ್ಲಗೆ ಹಿಡಿದು 20ಕ್ಕೆ ಇಳಿಸೋಕೆ ಇನ್ನೂ ಸುಮಾರು 18. ಒಟ್ಟು 35, ಸಾಕಾಗುತ್ತೆ. 60ರಲ್ಲಿ ಬಂದರೆ ಅದೇ ಲೆಕ್ಕಕ್ಕೆ 70ಕ್ಕೂ ಹೆಚ್ಚು ಮೀಟರ್ ಬೇಕು, ಸಾಕಾಗಲ್ಲ. ಬೋರ್ಡೂ ಇಲ್ಲ, ಬಣ್ಣವೂ ಇಲ್ಲ ಅಂದ್ರೆ? ಹೆಡ್‌ಲೈಟ್‌ನಲ್ಲಿ ಕಂಡಾಗ ತಡ ಆಗಿರುತ್ತೆ.

▪️ ದಾಟೋದು ಹೇಗೆ

ಬ್ರೇಕೆಲ್ಲ ಹಂಪ್‌ಗೆ ಮೊದಲೇ ಮುಗೀಬೇಕು. ಮುಂದಿನ ಚಕ್ರ ಏರುವಾಗ ಬ್ರೇಕ್ ಬಿಟ್ಟಿರಿ. ಬ್ರೇಕ್ ಹಿಡಿದೇ ಏರಿದರೆ ಮುಂದಿನ ಶಾಕ್ ಮೊದಲೇ ಕುಗ್ಗಿರುತ್ತೆ, ಏಟು ನುಂಗೋಕೆ ಅದರಲ್ಲಿ ಜಾಗ ಉಳಿದಿರಲ್ಲ. ಹ್ಯಾಂಡಲ್ ನೇರ ಇಟ್ಟು ಏರಿ. ಅಂಚಿನ ಸಂದಿಯಲ್ಲಿ ನುಸುಳಬೇಡಿ, ಅಲ್ಲಿ ಮಣ್ಣು, ಚರಂಡಿ, ನಡೆಯೋ ಜನ. ಹಿಂದೆ ಕೂತವರಿಗೆ “ಹಂಪ್ ಇದೆ, ಹಿಡ್ಕೊಳ್ಳಿ” ಅಂತ ಒಂದು ಮಾತು ಹೇಳಿ.

ಸಾಲಾಗಿ ಬಳಿದಿರೋ ದಪ್ಪ ಬಿಳಿ ಪಟ್ಟೆಗಳು, ಅಂದ್ರೆ ರಂಬಲ್ ಸ್ಟ್ರಿಪ್, ನಿಮ್ಮನ್ನು ನಿಧಾನ ಮಾಡಲ್ಲ. “ಮುಂದೆ ಏನೋ ಇದೆ” ಅಂತ ಗಡಗಡ ಸದ್ದಲ್ಲಿ ಹೇಳುತ್ತೆ ಅಷ್ಟೇ. ಅದರ ಮೇಲೇ ಗಟ್ಟಿಯಾಗಿ ಬ್ರೇಕ್ ಒತ್ತಬೇಡಿ, ಮಳೆಯಲ್ಲಿ ಆ ಬಣ್ಣ ಜಾರುತ್ತೆ. ಸದ್ದು ಕೇಳಿದ ಕೂಡಲೇ ಆಕ್ಸಿಲರೇಟರ್ ಬಿಡಿ.

ಚಿಕ್ಕಮ್ಮ ಈಗ ಆರಾಮಾಗಿದ್ದಾರೆ. ಹಿಂದೆ ಕೂತರೆ ಎರಡೂ ಕಡೆ ಕಾಲು ಹಾಕ್ತಾರೆ, ಹಂಪ್ ಬಂದ್ರೆ ನನಗಿಂತ ಮೊದಲು ಅವರೇ “ನಿಧಾನ ಕಣೋ” ಅಂತಾರೆ.

ನಿಮ್ಮ ಬೀದಿಯ ಹಂಪ್‌ನ ಉದ್ದ ಒಮ್ಮೆ ಟೇಪ್ ಹಿಡಿದು ಅಳೀರಿ. ಎಷ್ಟು ಬಂತು, ಕಾಮೆಂಟಲ್ಲಿ ಹಾಕಿ.

#ರಸ್ತೆಯಇತಿಹಾಸ