ಊರಿಗೆ ಲಸಿಕೆ ಶಿಬಿರ ಬೇಕೇ? ಪಶು ವೈದ್ಯಾಧಿಕಾರಿಗೆ ಅರ್ಜಿ ಬರೆಯುವುದು ಹೀಗೆ

ಮೈಸೂರು: ‘ನಮ್ಮೂರಲ್ಲಿ ದನಗಳಿಗೆ ಲಸಿಕೆ ಹಾಕಿಸಿಕೊಡಿ ಸಾರ್’ ಅಂತ ಒಂದೇ ಸಾಲು ಬರೆದು ಪಶು ಆಸ್ಪತ್ರೆಗೆ ಕೊಟ್ಟು ಬರುವವರೇ ಹೆಚ್ಚು. ಅಂಥ ಅರ್ಜಿ ಹಿಡಿದು ವೈದ್ಯರು ಏನೂ ಸಿದ್ಧ ಮಾಡಿಕೊಳ್ಳಲು ಆಗಲ್ಲ. ಎಷ್ಟು ಡೋಸ್ ತರಬೇಕು, ಎಷ್ಟು ಜನ ಬರಬೇಕು, ಯಾವ ಹೊತ್ತಿಗೆ ಬಂದರೆ ರಾಸುಗಳು ಕೈಗೆ ಸಿಗುತ್ತವೆ ಎಂಬುದು ಅದರಲ್ಲಿ ಇರುವುದಿಲ್ಲ. ಈ ಮೂರಕ್ಕೂ ಉತ್ತರ ಇರುವ ಅರ್ಜಿ ಬರೆಯಲು ಒಂದು ಸಂಜೆ ಸಾಕು.

ಯಾವಾಗ ಬರೆಯಬೇಕು

ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸಬೇಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರವೇ ಇದನ್ನು ಉಚಿತವಾಗಿ ಹಾಕುತ್ತದೆ. ಸಾಮಾನ್ಯವಾಗಿ ಸಿಬ್ಬಂದಿಯೇ ಸುತ್ತಿನ ಪ್ರಕಾರ ಊರಿಗೆ ಬರುತ್ತಾರೆ. ಸುತ್ತು ತಪ್ಪಿದ್ದರೆ, ಅಥವಾ ಅವರು ಬಂದ ದಿನ ಅರ್ಧ ಊರಿನ ದನ ಮೇಯಲು ಹೋಗಿದ್ದರೆ ಅರ್ಜಿ ಬರೆಯಬೇಕಾಗುತ್ತದೆ.

ಲಸಿಕೆ ಹಾಕಿದ ಮಾರನೇ ದಿನವೇ ರಕ್ಷಣೆ ಬರುವುದಿಲ್ಲ. ಮೈಯಲ್ಲಿ ಶಕ್ತಿ ಬೆಳೆಯಲು ಎರಡು–ಮೂರು ವಾರ ಬೇಕು. ಜನವರಿಯಲ್ಲಿ ಚುಂಚನಕಟ್ಟೆ ದನಗಳ ಜಾತ್ರೆಗೋ, ಆಮೇಲೆ ಸುತ್ತೂರು ಜಾತ್ರೆಗೋ ಎತ್ತು ಹೊಡೆದುಕೊಂಡು ಹೋಗುವವರು ಡಿಸೆಂಬರ್ ಮೊದಲ ವಾರದೊಳಗೆ ಲಸಿಕೆ ಮುಗಿಸಿರಬೇಕು. ಹಾಗಾಗಿ ಅರ್ಜಿ ನವೆಂಬರ್‌ನಲ್ಲೇ ಆಸ್ಪತ್ರೆ ಸೇರಬೇಕು. ಜಾತ್ರೆಯಿಂದ ಮರಳುವ ಒಂದೇ ರಾಸು ಇಡೀ ಕೇರಿಗೆ ರೋಗ ತರಬಲ್ಲದು. 2013ರಲ್ಲಿ ರಾಜ್ಯದ ದಕ್ಷಿಣದ ಜಿಲ್ಲೆಗಳಲ್ಲಿ ಈ ಜ್ವರ ಹಬ್ಬಿ ಸಾವಿರಾರು ರಾಸುಗಳು ಸತ್ತದ್ದನ್ನು ಹಾಲು ಹಾಕುವ ಮನೆಗಳು ಇನ್ನೂ ಮರೆತಿಲ್ಲ.

ಮೊದಲು ಮನೆ ಮನೆ ಎಣಿಕೆ

ಅರ್ಜಿ ಬರೆಯುವ ಮುಂಚೆ ಒಂದು ನೋಟ್ ಪುಸ್ತಕ ಹಿಡಿದು ಊರು ಸುತ್ತಿ. ಹಾಲಿನ ಡೇರಿಯ ಕಾರ್ಯದರ್ಶಿ ಜೊತೆಗಿದ್ದರೆ ಕೆಲಸ ಬೇಗ ಆಗುತ್ತದೆ. ಆದರೆ ಡೇರಿಗೆ ಹಾಲು ಹಾಕದ ಮನೆಗಳ ಎತ್ತು, ಎಮ್ಮೆಗಳನ್ನು ಬಿಡಬೇಡಿ.

ಹಸು, ಎತ್ತು, ಎಮ್ಮೆಗಳನ್ನು ಬೇರೆ ಬೇರೆ ಬರೆಯಿರಿ. ಕರುಗಳನ್ನು ನಾಲ್ಕು ತಿಂಗಳು ತುಂಬಿದವು, ತುಂಬದವು ಎಂದು ಎರಡು ಮಾಡಿ. ಮೊದಲ ಲಸಿಕೆ ನಾಲ್ಕು ತಿಂಗಳು ತುಂಬಿದ ಮೇಲೆ. ಅದಾಗಿ ಒಂದು ತಿಂಗಳಿಗೆ ಇನ್ನೊಂದು ಬಲವರ್ಧಕ ಡೋಸ್ ಬೇಕು. ಈ ಎರಡನೇ ಡೋಸ್ ತಪ್ಪುವುದರಿಂದಲೇ ಎಷ್ಟೋ ಕರುಗಳಿಗೆ ಪೂರ್ತಿ ರಕ್ಷಣೆ ಸಿಗುವುದಿಲ್ಲ. ತುಂಬು ಗಬ್ಬದ ಹಸುಗಳನ್ನೂ ಗುರುತು ಹಾಕಿ. ಅವಕ್ಕೆ ಈಗ ಹಾಕಬೇಕೋ, ಕರು ಹಾಕಿದ ಮೇಲೋ ಎಂಬುದನ್ನು ವೈದ್ಯರೇ ತೀರ್ಮಾನಿಸುತ್ತಾರೆ. ಕಿವಿಗೆ 12 ಅಂಕಿಯ ಓಲೆ ಇಲ್ಲದ ರಾಸು ಎಷ್ಟು ಎಂಬುದೂ ಬೇಕು, ಯಾಕೆಂದರೆ ಲಸಿಕೆಯ ದಾಖಲೆ ಆಗುವುದು ಆ ಅಂಕಿಯ ಮೇಲೆಯೇ. ಕುರಿ–ಮೇಕೆಗಳ ಲಸಿಕೆಗಳು ಬೇರೆ ಇರುವುದರಿಂದ ಅವುಗಳ ಸಂಖ್ಯೆಯನ್ನು ಪ್ರತ್ಯೇಕವಾಗಿ ತಿಳಿಸಿ.

ಮಾದರಿ ಅರ್ಜಿ

ವರುಣ ಹೋಬಳಿಯ ಒಂದು ಊರಿನ ಎಣಿಕೆ ಹೀಗಿದೆ ಎಂದಿಟ್ಟುಕೊಳ್ಳಿ: ಹಸು 96, ಎತ್ತು 22, ಎಮ್ಮೆ 14, ನಾಲ್ಕು ತಿಂಗಳು ತುಂಬಿದ ಕರು 18. ಒಟ್ಟು 150. ಆಗ ಅರ್ಜಿ ಈ ರೀತಿ ಇರಬಹುದು.

ಇಂದ,
(ಹೆಸರು), ರೈತರು,
............ ಗ್ರಾಮ, ವರುಣ ಹೋಬಳಿ, ಮೈಸೂರು ತಾಲ್ಲೂಕು.
ಮೊಬೈಲ್: ............

ಗೆ,
ಪಶು ವೈದ್ಯಾಧಿಕಾರಿಗಳು,
ಪಶು ಚಿಕಿತ್ಸಾಲಯ, ............

ಮಾನ್ಯರೇ,

ವಿಷಯ: ನಮ್ಮ ಗ್ರಾಮದಲ್ಲಿ ಕಾಲುಬಾಯಿ ಜ್ವರದ ಲಸಿಕೆ ಶಿಬಿರ ಏರ್ಪಡಿಸುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೋರುವುದೇನೆಂದರೆ, ನಮ್ಮ ಗ್ರಾಮದ ರಾಸುಗಳಿಗೆ ಕಳೆದ ಮೇ ತಿಂಗಳಲ್ಲಿ ಲಸಿಕೆ ಹಾಕಲಾಗಿದ್ದು, ಆರು ತಿಂಗಳು ತುಂಬಿದೆ. ಗ್ರಾಮದಲ್ಲಿ ಲಸಿಕೆ ಆಗಬೇಕಾದ ರಾಸುಗಳು ಒಟ್ಟು 150: ಹಸು 96, ಎತ್ತು 22, ಎಮ್ಮೆ 14, ನಾಲ್ಕು ತಿಂಗಳು ಮೀರಿದ ಕರು 18. ಇವುಗಳಲ್ಲಿ 6 ಹಸುಗಳು ತುಂಬು ಗಬ್ಬದಲ್ಲಿವೆ. 18 ಕರು ಹಾಗೂ ಹೊಸದಾಗಿ ಕೊಂಡು ತಂದ 3 ಹಸುಗಳಿಗೆ ಕಿವಿಯೋಲೆ ಇಲ್ಲ. ಸದ್ಯ ಯಾವ ರಾಸಿಗೂ ಜ್ವರ, ಜೊಲ್ಲು, ಬಾಯಿಹುಣ್ಣು ಇರುವುದಿಲ್ಲ.

ಗ್ರಾಮದ ಕೆಲವು ಎತ್ತುಗಳು ಜನವರಿಯಲ್ಲಿ ಜಾತ್ರೆಗೆ ಹೋಗುವುದರಿಂದ ಡಿಸೆಂಬರ್ ಮೊದಲ ವಾರದೊಳಗೆ ಶಿಬಿರ ನಡೆಸಿಕೊಡಬೇಕೆಂದು ಕೋರುತ್ತೇವೆ. ದನಗಳು ಮೇಯಲು ಹೋಗುವ ಮುಂಚೆ, ಬೆಳಿಗ್ಗೆ 6ರಿಂದ 10ರವರೆಗೆ ಅನುಕೂಲ. ಡೇರಿ ಮುಂದಿನ ಬಯಲಲ್ಲಿ ನೆರಳು, ನೀರು ಇದೆ. ರಾಸು ಹಿಡಿಯಲು ಊರಿನ ಯುವಕರು ಇರುತ್ತಾರೆ. ಮನೆವಾರು ಪಟ್ಟಿ ಲಗತ್ತಿಸಿದೆ.

ವಂದನೆಗಳೊಂದಿಗೆ,
ಸ್ಥಳ:
ದಿನಾಂಕ:
ತಮ್ಮ ವಿಶ್ವಾಸಿ,
(ಸಹಿ)

ಅರ್ಜಿಯ ಎರಡು ಪ್ರತಿ ಮಾಡಿಸಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಅದೇ ಪ್ರತಿಯ ಜೆರಾಕ್ಸ್ ಹಿಡಿದು ತಾಲ್ಲೂಕಿನ ಪಶುಪಾಲನಾ ಇಲಾಖೆಯ ಸಹಾಯಕ ನಿರ್ದೇಶಕರನ್ನು ಕಾಣಬಹುದು.

ರೋಗ ಬಂದಿದ್ದರೆ ಈ ಅರ್ಜಿ ಅಲ್ಲ

ಅರ್ಜಿಯಲ್ಲಿನ ‘ಸದ್ಯ ಯಾವ ರಾಸಿಗೂ ಜ್ವರ ಇಲ್ಲ’ ಎಂಬ ಸಾಲು ಸುಮ್ಮನೆ ಬರೆದದ್ದಲ್ಲ. ಊರಲ್ಲಿ ಒಂದು ದನ ಜೊಲ್ಲು ಸುರಿಸುತ್ತಿದ್ದರೆ, ಬಾಯಲ್ಲಿ ಅಥವಾ ಗೊರಸಿನ ಸಂದಿಯಲ್ಲಿ ಹುಣ್ಣಾಗಿ ಕುಂಟುತ್ತಿದ್ದರೆ, ಹಾಲು ದಿಢೀರನೆ ಇಳಿದಿದ್ದರೆ ಅರ್ಜಿ ಬರೆಯುತ್ತಾ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ.

ಇದನ್ನು ಮುಚ್ಚಿಟ್ಟು ಶಿಬಿರ ಮಾಡಿಸಿದರೆ ಕೆಡುಕು ಎರಡು ಕಡೆಯಿಂದ ಬರುತ್ತದೆ. ರೋಗ ಆಗಲೇ ಒಳಹೊಕ್ಕ ರಾಸನ್ನು ಲಸಿಕೆ ಉಳಿಸುವುದಿಲ್ಲ. ಅದೂ ಅಲ್ಲದೆ ಎಲ್ಲ ದನಗಳನ್ನು ಒಂದೇ ಬಯಲಿಗೆ ಸೇರಿಸಿದಾಗ, ಹಿಡಿಯುವವರ ಕೈ, ಬಟ್ಟೆ, ಚಪ್ಪಲಿ, ಸೂಜಿಯ ಮೂಲಕ ರೋಗ ಇತರ ರಾಸುಗಳಿಗೆ ಹರಡುತ್ತದೆ. ಆಮೇಲೆ ‘ಲಸಿಕೆಯಿಂದಲೇ ಜ್ವರ ಬಂತು’ ಎಂಬ ಮಾತು ಹುಟ್ಟಿ, ಮುಂದಿನ ಸುತ್ತಿಗೆ ಯಾರೂ ದನ ಬಿಚ್ಚುವುದಿಲ್ಲ. ರೋಗ ಕಂಡ ಊರಿಗೆ ವೈದ್ಯರ ಕ್ರಮವೇ ಬೇರೆ: ಕಾಯಿಲೆ ರಾಸನ್ನು ಪ್ರತ್ಯೇಕ ಕಟ್ಟಿಸಿ, ಸುತ್ತಲಿನ ಊರುಗಳ ಆರೋಗ್ಯವಂತ ದನಗಳಿಗೆ ಹೊರಗಿನಿಂದ ಒಳಕ್ಕೆ ಲಸಿಕೆ ಹಾಕಿಕೊಂಡು ಬರುತ್ತಾರೆ.

ಶಿಬಿರದ ದಿನ

ದಿನ ಗೊತ್ತಾದ ಕೂಡಲೇ ಡೇರಿ, ಹಿಂಡಿ–ಬೂಸಾ ಅಂಗಡಿ, ಟೀ ಅಂಗಡಿಗಳ ಮುಂದೆ ಚೀಟಿ ಅಂಟಿಸಿ. ಹಿಂದಿನ ಸಂಜೆ ಇನ್ನೊಮ್ಮೆ ನೆನಪಿಸಿ. ಈ ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಬಿಸಿಲಿಗೆ ಬಿದ್ದರೂ ಕೆಡುತ್ತದೆ, ಗಡ್ಡೆ ಕಟ್ಟಿದರೂ ಕೆಡುತ್ತದೆ. ಬಾಟಲಿ ಐಸ್ ಪೆಟ್ಟಿಗೆಯಲ್ಲೇ ಇದೆಯಾ ಅಂತ ರೈತರೇ ನೋಡಬಹುದು. ಒಂದು ಬಾಟಲಿಯಲ್ಲಿ ಹಲವು ರಾಸುಗಳ ಡೋಸ್ ಇರುತ್ತದೆ, ಒಡೆದ ಮೇಲೆ ನಾಳೆಗೆ ಇಡುವಂತಿಲ್ಲ. 150 ಎಂದು ಬರೆದು 70 ದನ ತಂದರೆ ಅಷ್ಟೂ ಸಿದ್ಧತೆ ದಂಡ. ಎಣಿಕೆ ಸರಿಯಿರಬೇಕು ಎನ್ನುವುದು ಇದಕ್ಕೇ.

ಚುಚ್ಚಿದ ಜಾಗ ಊದಿಕೊಳ್ಳುವುದು, ಸಣ್ಣ ಜ್ವರ, ಒಂದೆರಡು ದಿನ ಹಾಲು ಇಳಿಯುವುದು ಸಹಜ. ಹಾಲಿನ ಲೆಕ್ಕ ನೋಡಿ ಕರೆಯುವ ಹಸುವನ್ನು ಹಿತ್ತಲಲ್ಲೇ ಉಳಿಸಿಕೊಳ್ಳುವವರು ಇದ್ದಾರೆ. ಕಾಲುಬಾಯಿ ಜ್ವರ ಬಂದ ಹಸು ಬದುಕಿ ಉಳಿದರೂ ಎಷ್ಟೋ ಸಲ ಮೊದಲಿನ ಹಾಲಿಗೆ ಮರಳುವುದಿಲ್ಲ, ಎಳೆಗರುಗಳಂತೂ ಇದ್ದಕ್ಕಿದ್ದಂತೆ ಸಾಯುತ್ತವೆ.

ಹೊರಡುವ ಮುಂಚೆ ಸಿಬ್ಬಂದಿಯಿಂದ ಎರಡು ವಿಷಯ ಬರೆದುಕೊಳ್ಳಿ: ತಪ್ಪಿಹೋದ ರಾಸುಗಳು ಯಾವುವು, ಮೊದಲ ಸಲ ಹಾಕಿಸಿಕೊಂಡ ಕರುಗಳ ಎರಡನೇ ಡೋಸ್ ಯಾವ ದಿನ. ಮುಂದಿನ ಅರ್ಜಿಗೆ ಈ ಪಟ್ಟಿಯೇ ಆಧಾರ.